‘ಸಕುಟುಂಬ ಸಪರಿವಾರ’ ಎಂದು ಅಚ್ಚು ಹಾಕಿಸುವ ಮುನ್ನ

ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಹೋದಾಗ ಮುದ್ರಣಾಲಯದವನು ಮುಂದಿಡುವ ಮಾದರಿಗಳಲ್ಲೆಲ್ಲ ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂಬ ಒಂದು ವಾಕ್ಯವಿರುತ್ತದೆ. ಉರ್ದು ಕಾರ್ಡಿನಲ್ಲಿ ಅದೇ ಮಾತು ‘ಮಅ ಅಹ್ಲೋ ಅಯಾಲ್’ ಎಂದಾಗುತ್ತದೆ. ಹೆಸರು, ತಾರೀಖು, ಸ್ಥಳಗಳನ್ನು ಮೂರು ಬಾರಿ ತಿದ್ದುವ ನಾವು ಈ ಸಾಲನ್ನು ಓದುವುದೇ ಇಲ್ಲ. ಆದರೆ ಕಾರ್ಡು ಪಡೆದವರು ಓದುತ್ತಾರೆ ಮತ್ತು ಅದನ್ನು ನಂಬಿ ಐದಾರು ಜನ ಬರುತ್ತಾರೆ. ಬಳಿಕ ‘ಎಷ್ಟೊಂದು ಜನ ಬಂದರು ನೋಡಿ’ ಎಂದು ಗೊಣಗುವ ಹಕ್ಕು ನಮಗಿಲ್ಲ, ಅವರನ್ನು ಕರೆದದ್ದು ನಾವೇ.

ಒಂದು ಲೆಕ್ಕ ಹಾಕೋಣ. ದೇವರಗುಡ್ಡದ ಕುಟುಂಬವೊಂದು ಮಗನ ವಲೀಮಾವನ್ನು ರಾಣೆಬೆನ್ನೂರಿನಲ್ಲಿ ಇಟ್ಟುಕೊಂಡಿದೆಯೆಂದು ಭಾವಿಸಿ. ಬ್ಯಾಡಗಿಯ ಕಡೆಯವರಿಗೂ ರಾಣೆಬೆನ್ನೂರಿನ ಕಡೆಯವರಿಗೂ ರೈಲು, ಬಸ್ಸು ಅನುಕೂಲ. ಸಭಾಂಗಣದಲ್ಲಿ 250 ಜನ ಉಣ್ಣಬಹುದು. ಹಂಚಬೇಕಾದ ಕಾರ್ಡು 110. ಮನೆಗೆ ನಾಲ್ಕೂವರೆ ಜನರಂತೆ ಹಿಡಿದರೂ ‘ಸಕುಟುಂಬ’ ಎಂಬ ಒಂದು ಪದ ಸುಮಾರು 500 ಜನರನ್ನು ಕರೆದಂತಾಯಿತು. ಒಂದು ಕಿಲೋ ಅಕ್ಕಿಯ ಬಿರಿಯಾನಿ ಎಂಟು ಜನರಿಗೆ ಎಂದು ಹಿಡಿದರೆ, 31 ಕಿಲೋ ಅಕ್ಕಿಯ ಜಾಗದಲ್ಲಿ 62 ಕಿಲೋ ಬೇಕು, ಮಾಂಸವೂ ಅದೇ ಪ್ರಮಾಣದಲ್ಲಿ. ಈ ಅಂತರವನ್ನು ತುಂಬುವುದು ಹೆಚ್ಚಿನ ಮನೆಗಳಲ್ಲಿ ಸಾಲ.

ಆದರೂ ‘ಇಷ್ಟೇ ಜನ ಬನ್ನಿ’ ಎನ್ನಲು ನಮಗೆ ನಾಲಿಗೆ ಬಾರದು. ದಸರಾದ ಕಾರ್ಣಿಕ ಕೇಳಲು ಬರುವ ಸಾವಿರಾರು ಜನರನ್ನು ಎಣಿಸದೆ ಬರಮಾಡಿಕೊಳ್ಳುವ ಊರಿನವರಿಗೆ ಅತಿಥಿಯನ್ನು ಎಣಿಸುವುದೇ ಸಣ್ಣತನವೆನಿಸಿದರೆ ಆಶ್ಚರ್ಯವಿಲ್ಲ. ಈ ಸಂಕೋಚಕ್ಕೆ ಧರ್ಮದ ಬಣ್ಣವನ್ನೂ ಬಳಿಯಲಾಗುತ್ತದೆ. ಆದರೆ ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ನಮಗೆ ಕಾಣಸಿಗುವುದು ಬೇರೆಯೇ ಮಾದರಿ.

ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ)ರಿಂದ ವರದಿಯಾದ ಒಂದು ಘಟನೆಯಿದೆ. ಪ್ರವಾದಿ(ಸ)ರ ನೆರೆಯಲ್ಲಿ ಪರ್ಶಿಯಾ ಮೂಲದ ಒಬ್ಬರಿದ್ದರು. ಸಾರು ಚೆನ್ನಾಗಿ ಮಾಡುತ್ತಿದ್ದರು. ಒಮ್ಮೆ ಅಡುಗೆ ಮಾಡಿ ಪ್ರವಾದಿ(ಸ)ರನ್ನು ಕರೆಯಲು ಬಂದರು. ಆಯಿಶಾ(ರ)ರೂ ಬರಬಹುದೇ ಎಂದು ಪ್ರವಾದಿ(ಸ) ಕೇಳಿದರು. ಅವರು ಇಲ್ಲ ಎಂದರು. ಹಾಗಾದರೆ ನಾನೂ ಇಲ್ಲ ಎಂದರು ಪ್ರವಾದಿ(ಸ). ಎರಡನೆಯ ಬಾರಿಯೂ ಇದೇ ಮಾತು. ಮೂರನೆಯ ಬಾರಿ ಅವರು ಒಪ್ಪಿದರು, ಇಬ್ಬರೂ ಹೋದರು. ಅಡುಗೆ ಒಬ್ಬರಿಗಾಗುವಷ್ಟೇ ಇದ್ದಿರಬಹುದೆಂಬ ವಿವರಣೆಯೂ ಇದಕ್ಕಿದೆ. ನಾನು ಗಮನಿಸುವುದು ಇಲ್ಲಿಯ ನೇರ ಮಾತನ್ನು. ಕರೆದವರು ಪ್ರವಾದಿಯ ಮುಂದೆಯೇ ‘ಇಲ್ಲ’ ಎಂದರು, ಅದನ್ನು ಅಗೌರವವೆಂದು ಯಾರೂ ಎಣಿಸಲಿಲ್ಲ. ಅತಿಥಿ ಕೇಳಿಯೇ ತಿಳಿದುಕೊಂಡರು, ಕೇಳದೆ ಜೊತೆಗೆ ಕರೆದೊಯ್ಯಲಿಲ್ಲ.

ಇನ್ನೊಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಬೂ ಶುಐಬ್(ರ) ಎಂಬ ಅನ್ಸಾರಿ ಸಹಾಬಿಯು ಮಾಂಸದ ಕೆಲಸದ ತಮ್ಮ ಸೇವಕನಿಗೆ ಐದು ಜನರಿಗೆ ಅಡುಗೆ ಮಾಡಲು ಹೇಳಿ ಪ್ರವಾದಿ(ಸ)ರನ್ನೂ ಇತರ ನಾಲ್ವರನ್ನೂ ಕರೆದರು. ದಾರಿಯಲ್ಲಿ ಆರನೆಯವನೊಬ್ಬ ಹಿಂಬಾಲಿಸಿದ. ಬಾಗಿಲಿಗೆ ಬಂದಾಗ ಪ್ರವಾದಿ(ಸ) ಅದನ್ನು ಮನೆಯವರಿಗೆ ತಿಳಿಸಿ, ಬೇಕಾದರೆ ಅವನಿಗೆ ಅನುಮತಿ ಕೊಡಿ, ಇಲ್ಲವಾದರೆ ಮರಳುತ್ತಾನೆ ಎಂದರು. ಅಬೂ ಶುಐಬ್(ರ) ಅನುಮತಿ ಕೊಟ್ಟರು. ಸಂಖ್ಯೆ ಗೊತ್ತುಮಾಡಿ ಕರೆಯುವುದೂ ಬಾಗಿಲಿಗೆ ಬಂದವನನ್ನು ಸೇರಿಸಿಕೊಳ್ಳುವುದೂ ಒಂದೇ ಮನೆಯಲ್ಲಿ ನಡೆದವು.

ಹಾಗಾದರೆ ನಮ್ಮ 110 ಕಾರ್ಡುಗಳನ್ನು ಏನು ಮಾಡುವುದು? ಕಾರ್ಡನ್ನು ಎರಡು ಬಗೆಯಾಗಿ ಅಚ್ಚು ಹಾಕಿಸಬೇಕು ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನ ಖರ್ಚೇನೂ ಇಲ್ಲ. ಹತ್ತಿರದ ಬಂಧುಗಳ ಮತ್ತು ಓಣಿಯ ಬಡವರ 20 ಮನೆಗಳಿಗೆ ‘ಸಕುಟುಂಬ’ ಎಂದೇ ಇರಲಿ. ಐದರಂತೆ ನೂರು ಜನರಾಗುತ್ತಾರೆ. ಅರುವತ್ತು ಮನೆಗಳಿಗೆ ಪತಿ-ಪತ್ನಿಯರ ಹೆಸರನ್ನೇ ಲಕೋಟೆಯ ಮೇಲೆ ಬರೆದು, ಒಳಗೆ ‘ವಲೀಮಾದ ಊಟಕ್ಕೆ ತಮ್ಮಿಬ್ಬರಿಗಾಗಿ ಸ್ಥಳ ಕಾಯ್ದಿರಿಸಿದ್ದೇವೆ’ ಎಂದು ಅಚ್ಚು ಹಾಕಿಸಬೇಕು. ಅದು 120. ಉಳಿದ 30 ಮನೆಗಳನ್ನು ಮಸೀದಿಯಲ್ಲಿ ನಡೆಯುವ ನಿಕಾಹ್‌ಗೆ ಮಾತ್ರ ಕರೆಯಬಹುದು. ಅಲ್ಲಿ ಖರ್ಜೂರ ಹಂಚಿದರೆ ಸಾಕು, ಎಣಿಕೆಯ ಚಿಂತೆಯಿಲ್ಲ. ಒಟ್ಟು 220 ಆಯಿತು. ಉಳಿದ 30 ಆರನೆಯವನಿಗಾಗಿ. ಅವನು ಬಂದೇ ಬರುತ್ತಾನೆ, ಬಾಗಿಲಿನಲ್ಲಿ ಯಾರನ್ನೂ ಹಿಂದೆ ಕಳುಹಿಸಬೇಡಿ.

ಪಟ್ಟಿಯನ್ನು ಕತ್ತರಿಸುವಾಗ ಮೊದಲು ಬಿಟ್ಟುಹೋಗುವುದು ಬಡವರ ಹೆಸರು. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂಬ ಎಚ್ಚರಿಕೆ ಹದೀಸ್‌ನಲ್ಲಿರುವುದರಿಂದಲೇ ಅವರನ್ನು ಮೊದಲ ಇಪ್ಪತ್ತರಲ್ಲಿ ಸೇರಿಸಿದೆ.

ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮ. ‘ಮಕ್ಕಳನ್ನು ಕರೆತರಬೇಡಿ’ ಎಂದು ಅಚ್ಚಾದರೆ ತಾಯಂದಿರು ಅದನ್ನು ವರ್ಷಗಟ್ಟಲೆ ನೆನಪಿಡುತ್ತಾರೆ. ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾದೀತೆಂದು ನಮಾಝನ್ನೇ ಚಿಕ್ಕದಾಗಿಸಿದ ಪ್ರವಾದಿ(ಸ)ರ ಅನುಯಾಯಿಗಳು ಹಾಲು ಕುಡಿಯುವ ಮಗುವನ್ನು ಹೊರಗಿಡುವಂತಿಲ್ಲ. ಹೀಗೆ ಬರೆಯಬಹುದು: ‘ಸಭಾಂಗಣ ಚಿಕ್ಕದಾದ್ದರಿಂದ ವಲೀಮಾದ ಊಟಕ್ಕೆ ಹಿರಿಯರನ್ನಷ್ಟೇ ಕರೆಯಲು ಸಾಧ್ಯವಾಗಿದೆ. ಹಾಲು ಕುಡಿಯುವ ಕಂದಮ್ಮಗಳು ತಾಯಂದಿರ ಜೊತೆಗಿರಲಿ. ನಿಕಾಹ್‌ಗೆ ಮಕ್ಕಳನ್ನೆಲ್ಲ ಕರೆತನ್ನಿ, ದುಆ ಮಾಡಿ.’ ಇಲ್ಲಿ ಕಾರಣ ಮೊದಲು ಬಂದಿದೆ, ಅದು ನಿಜವಾದ ಕಾರಣವೂ ಹೌದು. ನಿರಾಕರಣೆಯ ಜೊತೆಗೇ ಮಕ್ಕಳಿಗಾಗಿ ಒಂದು ಬಾಗಿಲು ತೆರೆದಿದೆ.

ಈ ನಿಯಮ ಕೆಡುವುದು ಸಾಮಾನ್ಯವಾಗಿ ಮನೆಯವರಿಂದಲೇ. ಒಬ್ಬ ಚಿಕ್ಕಪ್ಪನ ಮಕ್ಕಳು ಬಂದು ಇನ್ನೊಬ್ಬರ ಮಕ್ಕಳು ಬಾರದಿದ್ದರೆ ಎಷ್ಟು ಸೌಮ್ಯವಾಗಿ ಬರೆದಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಗೆರೆಯನ್ನು ಸಂಬಂಧದ ಹಂತದಲ್ಲಿ ಎಳೆಯಬೇಕು: ವರನ ಸ್ವಂತ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳು, ಅಲ್ಲಿಗೆ ಮುಗಿಯಿತು. ಇನ್ನೊಂದು ಅಪಾಯ ವಾಟ್ಸ್‌ಆಪ್. ಎರಡು ಬಗೆಯ ಕಾರ್ಡು ಮಾಡಿಸಿ, ಕೊನೆಗೆ ‘ಸಕುಟುಂಬ’ ಎಂದಿರುವ ಚಿತ್ರವನ್ನೇ ಕುಟುಂಬದ ಗುಂಪಿಗೆ ಹಾಕಿಬಿಟ್ಟರೆ ಶ್ರಮವೆಲ್ಲ ಅಲ್ಲಿಗೇ ವ್ಯರ್ಥ. ಗುಂಪಿಗೆ ನಿಕಾಹ್‌ನ ಕಾರ್ಡು ಮಾತ್ರ ಹೋಗಲಿ.

ಫೋನಿನಲ್ಲಿ ಕರೆಯುವಾಗಲೂ ಎಚ್ಚರ ಬೇಕು. ‘ಮಾಮು, ಎಷ್ಟು ಜನ ಬರುತ್ತೀರಿ?’ ಎಂದು ಕೇಳಿದರೆ ಸಂಖ್ಯೆಯ ನಿರ್ಧಾರವನ್ನು ಅವರ ಕೈಗೆ ಕೊಟ್ಟಂತೆ. ‘ಮಾಮು, ನೀವೂ ಮುಮಾನಿಯೂ ಬರಲೇಬೇಕು, ನಿಮ್ಮಿಬ್ಬರ ಜಾಗ ಇಟ್ಟಿದ್ದೇನೆ’ ಎಂದರೆ ಪ್ರೀತಿಯೂ ಸಂಖ್ಯೆಯೂ ಒಟ್ಟಿಗೆ ತಲುಪುತ್ತವೆ. ‘ಇನ್‌ಶಾ ಅಲ್ಲಾಹ್, ನೋಡೋಣ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆಯೆಂದೂ ನಿರಾಕರಣೆಯೆಂದೂ ಎಣಿಸದೆ ನಾಲ್ಕು ದಿನ ಮುಂಚೆ ಮತ್ತೊಮ್ಮೆ ಕೇಳಿ. ಅಷ್ಟರಲ್ಲಿ ಬಾವರ್ಚಿಗೆ ಅಕ್ಕಿಯ ಲೆಕ್ಕ ಹೇಳಬೇಕಾಗಿರುತ್ತದೆ.

ಇನ್ನು ಕಾರ್ಡು ಪಡೆಯುವವರ ಮಾತು. ಮನೆಯವರು ‘ಮರಳಿ ಹೋಗಿ’ ಎಂದರೆ ಮರಳಬೇಕು, ಅದೇ ಹೆಚ್ಚು ಪರಿಶುದ್ಧ ಎಂದು ಪವಿತ್ರ ಕುರ್‌ಆನ್ ಸೂರಃ ಅನ್ನೂರ್‌ನಲ್ಲಿ (24:28) ಕಲಿಸುತ್ತದೆ. ಮನೆಯ ಹೊಸ್ತಿಲಲ್ಲೇ ಬೇಸರಿಸದೆ ಹಿಂದಿರುಗಬೇಕಾದವರು ಲಕೋಟೆಯ ಮೇಲೆ ಎರಡೇ ಹೆಸರಿರುವುದನ್ನು ಅವಮಾನವೆಂದು ಭಾವಿಸಬಹುದೇ? ಅತ್ತೆಯನ್ನೋ ಮಗಳನ್ನೋ ಕರೆತರುವುದು ಅನಿವಾರ್ಯವಾದರೆ ಒಂದು ವಾರ ಮುಂಚೆ ಫೋನು ಮಾಡಿ ಕೇಳಿ. ‘ಇಲ್ಲ’ ಎಂಬ ಉತ್ತರ ಬಂದರೆ, ಅದನ್ನು ಹೇಳಲು ಆ ಮನೆಯವರು ಎಷ್ಟು ಸಂಕಟಪಟ್ಟಿರಬಹುದೆಂದು ಸ್ವಲ್ಪ ಯೋಚಿಸಿ.