ಅರ್ಧ ಅಂಕ ಎಲ್ಲಿ ಅಡಗಿದೆ?

ನನ್ನ ತಂಗಿಯ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ನರ್ಸಿಂಗ್ ಪದವಿ ಮುಗಿಸಿ, ಬ್ರಿಟನ್ನಿನಲ್ಲಿ ಕೆಲಸ ಮಾಡುವ ಆಸೆಯಿಂದ ಐಇಎಲ್‌ಟಿಎಸ್ ಪರೀಕ್ಷೆಯನ್ನು ಎರಡು ಬಾರಿ ಬರೆದಳು. ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಈ ಪರೀಕ್ಷೆಯಲ್ಲಿ ಕೇಳುವುದು ಆಲಿಸುವಿಕೆ, ಓದು ಮತ್ತು ಮಾತಿನಲ್ಲಿ 7, ಬರವಣಿಗೆಯಲ್ಲಿ 6.5. ಮೂರು ವಿಭಾಗಗಳು ಅವಳಿಗೆ ದಕ್ಕಿದವು. ಬರವಣಿಗೆ ಮಾತ್ರ ಎರಡು ಸಲವೂ 6ಕ್ಕೆ ನಿಂತಿತು.

"ಮಾವ, ನನ್ನ ಇಂಗ್ಲಿಷ್ ಪದಗಳೇ ಸಾಲದು" ಎಂದು ಅವಳು ಒಂದು ಭಾನುವಾರ ದಪ್ಪ ನೋಟುಪುಸ್ತಕ ಹಿಡಿದು ಬಂದಳು. ಅದರ ತುಂಬ ಬಾಯಿಪಾಠ ಮಾಡಿದ ಕಠಿಣ ಪದಗಳು. ನಾನು ಇಂಗ್ಲಿಷ್ ಅಧ್ಯಾಪಕನಲ್ಲ. ಆದರೆ ಕಾಯಿದೆಯ ಒಂದು ಕಲಮನ್ನು ಓದಿ, ಅದರ ಪ್ರತಿ ಮಾತಿಗೂ ಸಾಕ್ಷ್ಯವಿದೆಯೇ ಎಂದು ನೋಡುವುದು ನನ್ನ ದಿನನಿತ್ಯದ ಕೆಲಸ. ಪರೀಕ್ಷಕರು ಅಂಕ ಕೊಡುವ ಆಧಾರವನ್ನು ಈ ಪರೀಕ್ಷೆ ನಡೆಸುವವರೇ 'ಬ್ಯಾಂಡ್ ಡಿಸ್ಕ್ರಿಪ್ಟರ್' ಎಂಬ ಹೆಸರಿನಲ್ಲಿ ಪ್ರಕಟಿಸಿದ್ದಾರೆ. ಕೆಲವೇ ಪುಟಗಳ ಈ ಕೋಷ್ಟಕವನ್ನು ಅವಳು ಒಮ್ಮೆ ಕಣ್ಣಾಡಿಸಿ ಬದಿಗಿಟ್ಟಿದ್ದಳು.

ಬರವಣಿಗೆಯಲ್ಲಿ ಎರಡು ಭಾಗಗಳಿವೆ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಅದರ ತೂಕ ಮೊದಲನೆಯದರ ಎರಡರಷ್ಟು. ಪ್ರಬಂಧವನ್ನು ನಾಲ್ಕು ಮಾನದಂಡಗಳಿಂದ ಅಳೆಯುತ್ತಾರೆ: ಪ್ರಶ್ನೆಗೆ ಕೊಟ್ಟ ಉತ್ತರ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣ. ನಾಲ್ಕಕ್ಕೂ ಸಮಾನ ತೂಕ. ನಾಲ್ಕರಲ್ಲಿಯೂ 6 ಇರುವವರು ಯಾವುದಾದರೂ ಎರಡನ್ನು 7ಕ್ಕೆ ಏರಿಸಿದರೆ ಪ್ರಬಂಧದ ಸರಾಸರಿ 6.5 ಆಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಯಾವ ಎರಡು ಬೇಗ ಏರುತ್ತವೆ ಎಂಬುದು.

ಅದನ್ನು ತಿಳಿಯಲು ಅವಳಿಂದ ನಲವತ್ತು ನಿಮಿಷಗಳಲ್ಲಿ ಒಂದು ಪ್ರಬಂಧ ಬರೆಸಿ, ಮೂರು ದಿನ ಮುಚ್ಚಿಡಿಸಿದೆ. ಬರೆದ ಕೂಡಲೇ ಓದಿದರೆ ನಾವು ಓದುವುದು ಮನಸ್ಸಿನಲ್ಲಿದ್ದುದನ್ನೇ ಹೊರತು ಕಾಗದದಲ್ಲಿರುವುದನ್ನಲ್ಲ. ನಾಲ್ಕನೆಯ ದಿನ ಪ್ರಬಂಧವನ್ನು ನಾಲ್ಕು ಸಲ ಓದಬೇಕು, ಒಂದು ಓದಿಗೆ ಒಂದೇ ಮಾನದಂಡ. ಕೋಷ್ಟಕದ ಪ್ರತಿಯೊಂದು ಮಾತಿಗೂ ಅದನ್ನು ಸಾಬೀತುಪಡಿಸುವ ವಾಕ್ಯದ ಕೆಳಗೆ ಗೆರೆ ಎಳೆಯಬೇಕು. ಗೆರೆ ಎಳೆಯಲು ವಾಕ್ಯ ಸಿಗದಿದ್ದರೆ ಆ ಅಂಕವಿಲ್ಲ. ಒಂದು ಬ್ಯಾಂಡಿನ ಗುಣಾಂಶಗಳೆಲ್ಲವೂ ಪೂರ್ಣವಾಗಿ ಹೊಂದಿದರೆ ಮಾತ್ರ ಆ ಬ್ಯಾಂಡ್ ಎಂದು ಕೋಷ್ಟಕದಲ್ಲಿಯೇ ಬರೆದಿದೆ. ಸಂಶಯದ ಲಾಭ ಇಲ್ಲಿ ಆರೋಪಿಗೆ ಸಲ್ಲುವುದಿಲ್ಲ.

ರೋಗ ಬಂದ ಮೇಲೆ ಚಿಕಿತ್ಸೆ ನೀಡುವುದಕ್ಕಿಂತ ರೋಗ ತಡೆಯುವುದಕ್ಕೆ ಸರಕಾರ ಹೆಚ್ಚು ಹಣ ವ್ಯಯಿಸಬೇಕೆಂಬ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ಇದು ಪ್ರಶ್ನೆ. ನರ್ಸ್ ಆದವಳಿಗೆ ಇದಕ್ಕಿಂತ ಸುಲಭದ ವಿಷಯ ಬೇಕೇ? ಆದರೂ ಅವಳ ಎರಡನೆಯ ಪ್ಯಾರಾ ಹೀಗಿತ್ತು: ತಡೆಗಟ್ಟುವುದು ಲೇಸು, ಮೋರೋವರ್, ಹಣ ಉಳಿಯುತ್ತದೆ, ಫರ್ದರ್‌ಮೋರ್, ಜನರು ಆರೋಗ್ಯವಂತರಾಗುತ್ತಾರೆ, ಇನ್ ಅಡಿಷನ್, ಆಸ್ಪತ್ರೆಗಳಲ್ಲಿ ದಟ್ಟಣೆ ಇಳಿಯುತ್ತದೆ, ಫಾರ್ ಎಕ್ಸಾಂಪಲ್, ಅನೇಕ ದೇಶಗಳಲ್ಲಿ ಜನರು ಆರೋಗ್ಯವಾಗಿದ್ದಾರೆ. ಐದು ವಾಕ್ಯಗಳು, ನಾಲ್ಕು ವಾದಗಳು, ಒಂದಕ್ಕೂ ಆಧಾರವಿಲ್ಲ. ಕೊನೆಯದು ಉದಾಹರಣೆಯ ಹೆಸರಿನಲ್ಲಿ ಬಂದ ಇನ್ನೊಂದು ಹೇಳಿಕೆ ಅಷ್ಟೆ.

ಉತ್ತರದ ಮಾನದಂಡದಲ್ಲಿ 6ನೆಯ ಬ್ಯಾಂಡಿನ ವಿವರಣೆಯ ಸಾರವೇನೆಂದರೆ, ಮುಖ್ಯ ವಿಚಾರಗಳು ಪ್ರಸ್ತುತವಾಗಿದ್ದರೂ ಕೆಲವು ಸಾಕಷ್ಟು ಬೆಳೆದಿರುವುದಿಲ್ಲ. 7ನೆಯದು ಕೇಳುವುದು ವಿಸ್ತರಿಸಿ ಸಮರ್ಥಿಸಿದ ವಿಚಾರಗಳನ್ನು ಮತ್ತು ಸ್ಪಷ್ಟವಾದ ನಿಲುವನ್ನು. ನಿಲುವಿನಲ್ಲಿಯೂ ಅವಳು ಜಾರಿದ್ದಳು. ಪೀಠಿಕೆಯಲ್ಲಿ 'ಸಂಪೂರ್ಣ ಒಪ್ಪುತ್ತೇನೆ' ಎಂದವಳು ಸಮಾರೋಪದಲ್ಲಿ 'ಎರಡೂ ಸಮಾನವಾಗಿ ಅಗತ್ಯ' ಎಂದಿದ್ದಳು. ನ್ಯಾಯಾಲಯದಲ್ಲಿ ಹೀಗೆ ವಾದಿಸಿದರೆ ಎದುರು ಪಕ್ಷದ ವಕೀಲರಿಗೆ ಕೆಲಸವೇ ಉಳಿಯದು.

ಇಡೀ ಪ್ರಬಂಧವನ್ನು ಮತ್ತೆ ಬರೆಯಬೇಡ, ಈ ಒಂದು ಪ್ಯಾರಾವನ್ನು ಮಾತ್ರ ತಿದ್ದು ಎಂದೆ. ನಾಲ್ಕು ವಾದಗಳಲ್ಲಿ ಮೂರನ್ನು ಹೊಡೆದುಹಾಕಿ, ಉಳಿದ ಒಂದಕ್ಕೆ 'ಹೇಗೆ' ಎಂದು ಕೇಳಿಕೊಳ್ಳುತ್ತ ಹೋಗಲು ಹೇಳಿದೆ. ಅವಳು ಹಣದ ವಾದವನ್ನು ಉಳಿಸಿಕೊಂಡು, ತಾನು ವಾರ್ಡಿನಲ್ಲಿ ಕಂಡದ್ದನ್ನು ಬರೆದಳು. ರಕ್ತದೊತ್ತಡವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಗುರುತಿಸಿದರೆ ಅಗ್ಗದ ಮಾತ್ರೆಗಳು ಸಾಕಾಗುತ್ತವೆ. ಗುರುತಿಸದೆ ಬಿಟ್ಟ ಅಂಥ ರೋಗಿಗೆ ಪಾರ್ಶ್ವವಾಯು ಬಡಿದರೆ ತೀವ್ರ ನಿಗಾ ಘಟಕ, ಅನಂತರ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಆ ಅವಧಿಯಲ್ಲಿ ಮನೆಯ ದುಡಿಮೆಯೂ ನಿಲ್ಲುತ್ತದೆ. ಆದ್ದರಿಂದ ಒಬ್ಬನ ಈ ಚಿಕಿತ್ಸೆಗೆ ತಗಲುವ ಹಣದಲ್ಲಿ ಅನೇಕರ ತಪಾಸಣೆ ನಡೆದೀತು.

ಎರಡೂ ಪ್ಯಾರಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಕಾಣಿಸಿತು. ಮೋರೋವರ್, ಫರ್ದರ್‌ಮೋರ್‌ಗಳು ತಾವಾಗಿಯೇ ಮಾಯವಾಗಿದ್ದವು. ಬೇರೆ ಬೇರೆ ವಾದಗಳನ್ನು ಸಾಲಾಗಿ ನಿಲ್ಲಿಸುವವರಿಗೆ ಅಂಥ ಕೊಂಡಿಗಳು ಬೇಕು. ಒಂದೇ ವಾದವನ್ನು ಬೆಳೆಸುವಾಗ 'ಅಂಥ ರೋಗಿ', 'ಆ ಅವಧಿ', 'ಈ ಚಿಕಿತ್ಸೆ' ಎಂಬ ನಿರ್ದೇಶಗಳೇ ವಾಕ್ಯಗಳನ್ನು ಹೆಣೆಯುತ್ತವೆ. ಜೋಡಣೆಯ ಮಾನದಂಡದಲ್ಲಿ 6ನೆಯ ಬ್ಯಾಂಡ್ ದೋಷವೆಂದು ಎಣಿಸುವುದು ಯಾಂತ್ರಿಕವಾದ ಕೊಂಡಿಗಳನ್ನು. 7ನೆಯದು ಹೆಸರಿಸುವುದು ಇಂಥ ನಿರ್ದೇಶಗಳ ಸಹಜ ಬಳಕೆಯನ್ನು. ಹೀಗೆ ಒಂದೇ ತಿದ್ದುಪಡಿ ಎರಡು ಮಾನದಂಡಗಳನ್ನು ಎತ್ತಿತು. ಅವಳು ಹುಡುಕುತ್ತಿದ್ದ ಅರ್ಧ ಅಂಕ ಇದ್ದದ್ದು ಇಲ್ಲಿ.

ನೋಟುಪುಸ್ತಕದ ಪದಗಳ ಗತಿಯೇನು? ಪ್ರಬಂಧದಲ್ಲಿ ಅಂಥ ಆರು ಪದಗಳಿದ್ದವು, ನಾಲ್ಕು ಅಸ್ಥಾನದಲ್ಲಿ ಬಂದಿದ್ದವು. ವಿಶಾಲ ಪದಸಂಪತ್ತು, ಆದರೆ ಹೆಚ್ಚು ತಪ್ಪುಗಳು ಎಂಬ ವರ್ಣನೆ ಕೋಷ್ಟಕದಲ್ಲಿ 6ನೆಯ ಬ್ಯಾಂಡಿನೊಳಗೇ ಇದೆ. ಅಪಾಯದ ಪದಗಳನ್ನು ತುರುಕುವುದರಿಂದ ಮೇಲಿನ ಮೆಟ್ಟಿಲು ಸಿಗುವುದಿಲ್ಲ. ಅಲ್ಲಿ ಬೇಕಾದುದು ನಿಖರತೆ.

ಈ ವಿಧಾನದ ಮಿತಿಯನ್ನೂ ಹೇಳಬೇಕು. ವ್ಯಾಕರಣದ 7ನೆಯ ಬ್ಯಾಂಡಿಗೆ ತಪ್ಪಿಲ್ಲದ ವಾಕ್ಯಗಳು ಮೇಲಿಂದ ಮೇಲೆ ಬರಬೇಕು. ತನ್ನ ಹದಿನಾರು ವಾಕ್ಯಗಳಲ್ಲಿ ಮೂರರಲ್ಲಿ ಮಾತ್ರ ತಪ್ಪಿದೆ ಎಂದು ಅವಳು ಎಣಿಸಿದಳು. ಪರಿಚಯದ ಅಧ್ಯಾಪಕಿಯೊಬ್ಬರು ನೋಡಿ ಒಂಬತ್ತರಲ್ಲಿ ತೋರಿಸಿದರು. ಅವುಗಳಲ್ಲಿ ಹೆಚ್ಚಿನವು 'ಎ', 'ದಿ'ಗಳನ್ನು ಬಿಟ್ಟದ್ದು. ಕನ್ನಡದಲ್ಲಿ ಅವುಗಳಿಗೆ ಸಮನಾದುದಿಲ್ಲ, ಆದ್ದರಿಂದ ನಮ್ಮ ಕಿವಿಗೆ ಆ ಕೊರತೆ ಕೇಳಿಸುವುದಿಲ್ಲ. ಗೊತ್ತಿಲ್ಲದ ತಪ್ಪನ್ನು ತಾನೇ ಎಣಿಸುವುದು ಯಾರಿಂದಲೂ ಆಗದು. ವ್ಯಾಕರಣಕ್ಕೆ ಇನ್ನೊಬ್ಬರ ಕಣ್ಣು ಬೇಕು. ವಾದಕ್ಕೆ ಆಧಾರವಿದೆಯೇ, ಆರಂಭದ ನಿಲುವೇ ಕೊನೆಯಲ್ಲಿಯೂ ಇದೆಯೇ ಎಂಬುದನ್ನು ನಾವೇ ನೋಡಿಕೊಳ್ಳಬಹುದು.

ಅವಳು ಹೀಗೆ ಆರು ಪ್ರಬಂಧಗಳಿಗೆ ತಾನೇ ಅಂಕ ಹಾಕಿದಳು. ಮೊದಲನೆಯದಕ್ಕೆ ಗೆರೆ ಎಳೆಯುವಾಗ ಕೈ ನಡುಗುತ್ತಿತ್ತೆಂದು ಈಗ ನಗುತ್ತಾಳೆ. ಮೂರನೆಯ ಬಾರಿಗೆ ಬರವಣಿಗೆಯಲ್ಲಿ 6.5 ಬಂತು. ನಿಮ್ಮ ಮನೆಯಲ್ಲಿ ಈ ಪರೀಕ್ಷೆಗೆ ಕುಳಿತವರಿದ್ದರೆ ಮತ್ತೊಮ್ಮೆ ಶುಲ್ಕ ಕಟ್ಟುವ ಮೊದಲು ಅವರ ಹಳೆಯ ಪ್ರಬಂಧವೊಂದನ್ನು ತೆಗೆದುಕೊಳ್ಳಿ. ಒಂದು ಪ್ಯಾರಾದಲ್ಲಿ ಎಷ್ಟು ವಾದಗಳಿವೆ, ಅವುಗಳಿಗೆ ಎಷ್ಟು ಆಧಾರಗಳಿವೆ ಎಂದು ಅಂಚಿನಲ್ಲಿ ಬರೆಯಿರಿ. ಇಂಗ್ಲಿಷ್ ಅಷ್ಟಾಗಿ ಬಾರದ ತಂದೆತಾಯಿಯೂ ಮಗುವಿನಿಂದ ಅರ್ಥ ಹೇಳಿಸಿಕೊಂಡು ಈ ಎಣಿಕೆ ಮಾಡಬಹುದು.