ನಲ್ವತ್ತು ದಿನ ಕಳೆಯಿತು, ಓಡಬಹುದೇ?

ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದಿತ್ತು. ಇಂಥ ಕೂಟಗಳಿಗೆಂದು ಬೆಳಗಾಗುವ ಮುಂಚೆ ಎದ್ದು ಓಡಿದ ನಮ್ಮ ಹುಡುಗಿಯರಲ್ಲಿ ಎಲ್ಲರೂ ರಾಷ್ಟ್ರೀಯ ಶಿಬಿರಕ್ಕೆ ಹೋಗುವುದಿಲ್ಲ. ಅನೇಕರು ಬಂಟ್ವಾಳಕ್ಕೋ ಬೆಳ್ತಂಗಡಿಗೋ ಮದುವೆಯಾಗಿ ಹೋಗುತ್ತಾರೆ, ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಹಿಡಿಯುತ್ತಾರೆ, ಬೆಳಗಿನ ಓಟವನ್ನು ಮಾತ್ರ ಬಿಡುವುದಿಲ್ಲ. ಬಸುರಿ ಎಂದು ತಿಳಿದ ದಿನ ಮನೆಯವರ ಮೊದಲ ಮಾತು, ‘ಇನ್ನು ಓಟ ಸಾಕು’. ಹೆರಿಗೆಯಾಗಿ ನಲ್ವತ್ತು ದಿನ ಕಳೆದರೆ ಅದೇ ಮನೆಯಲ್ಲಿ, ‘ಇನ್ನೇನು, ಎಲ್ಲ ಸರಿಹೋಯಿತಲ್ಲ’. ನಾವು ತಪ್ಪುತ್ತಿರುವುದು ಈ ಎರಡೂ ಕಡೆ. ನಿಲ್ಲಿಸಬೇಕಿಲ್ಲದ ಕಡೆ ನಿಲ್ಲಿಸುತ್ತೇವೆ, ತಡೆದು ನೋಡಬೇಕಾದ ಕಡೆ ಬಿಟ್ಟುಬಿಡುತ್ತೇವೆ.

ಮೊದಲು ಬಸುರಿನ ವಿಚಾರ. ಗುರುವಾಯನಕೆರೆಯ ಹತ್ತಿರ ಮನೆ ಇರುವ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರ್ ಓಡುವ ಅಭ್ಯಾಸ ಆಕೆಗೆ ವರ್ಷಗಳಿಂದ ಇದೆ. ಬಸುರು ಸಹಜವಾಗಿದ್ದರೆ, ವೈದ್ಯರು ನೋಡಿ ತೊಂದರೆಯಿಲ್ಲ ಎಂದರೆ, ಆಕೆ ಓಟ ಮುಂದುವರಿಸಬಹುದು. ಅಮೆರಿಕದ ಪ್ರಸೂತಿ ತಜ್ಞರ ಸಂಘ 2020ರಲ್ಲಿ ಹೊರಡಿಸಿದ ಸಲಹೆಯೂ ಇದನ್ನೇ ಹೇಳುತ್ತದೆ: ಆರೋಗ್ಯವಂತ ಗರ್ಭಿಣಿಗೆ ವಾರಕ್ಕೆ 150 ನಿಮಿಷಗಳ ಮಧ್ಯಮ ವ್ಯಾಯಾಮ ಒಳ್ಳೆಯದು, ಮೊದಲೇ ಓಡುತ್ತಿದ್ದವರು ವೈದ್ಯರ ಜೊತೆ ಮಾತಾಡಿಕೊಂಡು ಓಡಬಹುದು. ಎಂದೂ ಓಡದವರು ಬಸುರಿನಲ್ಲಿ ಓಟ ಕಲಿಯಲು ಹೊರಡಬಾರದು. ಅವರಿಗೆ ನಡಿಗೆಯೇ ಸಾಕು.

ಬದಲಾಗಬೇಕಾದದ್ದು ವೇಗ. ಕೈಗಡಿಯಾರದಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ನೋಡುವ ಚಾಳಿಯನ್ನು ಆಕೆ ಬಿಡಬೇಕು. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಕುಳಿತಿದ್ದಾಗಲೂ ಹೃದಯ ಮೊದಲಿಗಿಂತ ಜೋರಾಗಿ ಬಡಿಯುತ್ತದೆ. ಹಾಗಾಗಿ ನಾಡಿ ಎಣಿಸುವುದಕ್ಕಿಂತ ಮಾತಿನ ಅಳತೆ ನಂಬಿಕೆಗೆ ಅರ್ಹ. ಪಕ್ಕದಲ್ಲಿ ಓಡುವವರಿಗೆ ಒಂದು ಪೂರ್ತಿ ವಾಕ್ಯವನ್ನು ತಡವರಿಸದೆ ಹೇಳಲು ಆದರೆ ಆ ವೇಗ ಸರಿ. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ನಡಿಗೆಗೆ ಇಳಿಯಬೇಕು. ಏಳನೇ ತಿಂಗಳ ಹೊತ್ತಿಗೆ ಹೆಚ್ಚಿನವರು ತಾವಾಗಿಯೇ ನಡಿಗೆಗೆ ಬರುತ್ತಾರೆ. ಅದನ್ನು ಸೋಲು ಎಂದುಕೊಳ್ಳಬೇಕಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕವೂ ಇದೆ. ಇಲ್ಲಿ ಬೆವರು ಬರುತ್ತದೆ, ಆದರೆ ಒಣಗುವುದಿಲ್ಲ. ಒಣಗದ ಬೆವರು ಮೈ ತಂಪು ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಬಿ.ಸಿ.ರೋಡ್ ಹೆದ್ದಾರಿಯ ಬದಿಯಲ್ಲಿ ಬೆಳಗ್ಗೆ ಎಂಟಕ್ಕೆ ಓಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಗುವಿನ ಬೆನ್ನುಹುರಿ ರೂಪುಗೊಳ್ಳುವ ಮೊದಲ ತಿಂಗಳುಗಳಲ್ಲಿ ತಾಯಿಯ ಮೈ ಜ್ವರ ಬಂದಷ್ಟು ಕಾಯುವುದು ಒಳ್ಳೆಯದಲ್ಲ. ಸೂರ್ಯ ಏರುವ ಮುಂಚೆ ಮುಗಿಸಬೇಕು, ಇಲ್ಲವೇ ಆ ದಿನ ಬಿಡಬೇಕು. ಮಳೆಗಾಲದ ಅಪಾಯ ಬೇರೆ: ಪಾಚಿಗಟ್ಟಿದ ಅಂಗಳ, ಜಾರುವ ಕೆಂಪುಕಲ್ಲಿನ ಮೆಟ್ಟಿಲು, ಬೆಳ್ತಂಗಡಿ ಕಡೆಯ ಇಳಿಜಾರು ರಸ್ತೆಗಳು. ಹೊಟ್ಟೆ ಮುಂದೆ ಬಂದಂತೆ ದೇಹದ ತೂಕದ ನೆಲೆ ಬದಲಾಗುತ್ತದೆ, ಎಡವಿದರೆ ಸಾವರಿಸಿಕೊಳ್ಳುವುದು ಕಷ್ಟ. ಸಮತಟ್ಟು ಮೈದಾನ ಹತ್ತಿರವಿದ್ದವರು ಪುಣ್ಯವಂತರು.

ಯಾರು ಓಡಲೇಬಾರದು ಎಂಬುದು ತಾಯಿ ಕಾರ್ಡಿನಲ್ಲಿ ಬರೆದ ವಿವರಗಳಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ರಕ್ತದೊತ್ತಡ ಏರಿ ನಂಜಿನ ಲಕ್ಷಣ ಬಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡವರು, ಅವಧಿಗೆ ಮೊದಲೇ ನೋವು ಬಂದವರು, ಹೃದಯದ ಕಾಯಿಲೆ ಇರುವವರು ವೈದ್ಯರು ಹೇಳಿದಷ್ಟೇ ಓಡಾಡಬೇಕು. ಅವಳಿ ಮಕ್ಕಳಿದ್ದರೂ ಮೊದಲು ಕೇಳಬೇಕು. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ಅದು ಇದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ, 7ಕ್ಕಿಂತ ಕೆಳಗಾದರೆ ತೀವ್ರ. ತೀವ್ರ ರಕ್ತಹೀನತೆಯಲ್ಲಿ ಓಟದ ಮಾತೇ ಇಲ್ಲ. ನಮ್ಮ ಶಿಕ್ಷಕಿಗೆ ಐದನೇ ತಿಂಗಳಲ್ಲಿ 9.8 ಬಂತೆಂದಿಟ್ಟುಕೊಳ್ಳಿ. ಗಾಬರಿಯಾಗಬೇಕಿಲ್ಲ, ಆದರೆ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ವೈದ್ಯರು ಸರಿ ಎನ್ನುವವರೆಗೆ ನಡಿಗೆಯಲ್ಲೇ ಇರುವುದು ಲೇಸು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ‘ನಾನು ಓಡುತ್ತೇನೆ’ ಎಂದು ಅಲ್ಲಿ ಬಾಯಿಬಿಟ್ಟು ಹೇಳಬೇಕು, ಅವರಾಗಿ ಕೇಳುವುದಿಲ್ಲ.

ಓಡುವಾಗ ರಕ್ತ ಕಾಣಿಸಿಕೊಂಡರೆ, ನೀರು ಹೋದಂತಾದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿದು ನೋವು ಬಂದರೆ, ತಲೆಸುತ್ತು, ಎದೆನೋವು, ಜೋರು ತಲೆನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮಗುವಿನ ಮಿಸುಕಾಟ ಕಡಿಮೆಯಾದರೂ ಅಷ್ಟೇ. ಮನೆಗೆ ಹೋಗಿ ಮಲಗಿ ನೋಡೋಣ ಎನ್ನಬಾರದು.

ಇನ್ನು ಬಾಣಂತನ. ನಮ್ಮಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಎಣ್ಣೆ ತಿಕ್ಕುವುದು, ಹಂಡೆಯ ಬಿಸಿನೀರು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ, ಕಾಳುಮೆಣಸಿನ ಸಾರು, ಕುಚ್ಚಲಕ್ಕಿ ಗಂಜಿ, ಮತ್ತು ಮುಖ್ಯವಾಗಿ ವಿಶ್ರಾಂತಿ. ಆ ವಿಶ್ರಾಂತಿಯನ್ನು ನಾನು ಹಳೆಯ ಕಾಲದ ಗೊಡ್ಡು ಎನ್ನಲಾರೆ. ಆಧುನಿಕ ವೈದ್ಯರು ಹೇಳುವ ಆರು ವಾರವೂ ಅಜ್ಜಿಯರು ಹೇಳುವ ನಲ್ವತ್ತು ದಿನವೂ ಹೆಚ್ಚುಕಡಿಮೆ ಒಂದೇ. (ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯೊಂದನ್ನು ಬಿಟ್ಟೇಬಿಡಬೇಕು, ಹಾಲುಣಿಸುವವಳಿಗೆ ನೀರು ಹೆಚ್ಚೇ ಬೇಕು.) ತೊಡಕಿರುವುದು ನಲ್ವತ್ತೊಂದನೆಯ ದಿನದಲ್ಲಿ. ಆ ಅವಧಿ ಮನೆಗೆಲಸಕ್ಕೆ ಮರಳಲು ಸಾಕಾದೀತು, ಓಟಕ್ಕೆ ಸಾಲದು.

ಯಾಕೆಂದು ಒಂದು ಲೆಕ್ಕ ಹಾಕಿ ನೋಡಬಹುದು. ಓಡುವಾಗ ಪ್ರತಿ ಹೆಜ್ಜೆಯೂ ದೇಹದ ತೂಕದ ಸುಮಾರು ಎರಡರಷ್ಟು ಬಲದಿಂದ ನೆಲಕ್ಕೆ ಬೀಳುತ್ತದೆ. ನಿಮಿಷಕ್ಕೆ ಸುಮಾರು 160 ಹೆಜ್ಜೆ. ಅರುವತ್ತು ಕಿಲೋ ತೂಗುವ ತಾಯಿಯ ಮೈಯಲ್ಲಿ ಆ ಹೊಡೆತವನ್ನು ಕೆಳಗಿನಿಂದ ತಡೆದು ಹಿಡಿಯುವುದು ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯಂತೆ ಕಟ್ಟಿರುವ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಗುದ ಮೂರನ್ನೂ ಹೊತ್ತಿರುವುದು ಈ ಜೋಲಿಯೇ. ಸಹಜ ಹೆರಿಗೆಯಲ್ಲಿ ಅದು ಹಿಗ್ಗುವಷ್ಟು ಹಿಗ್ಗಿರುತ್ತದೆ, ಮೊದಲಿನ ಸ್ಥಿತಿಗೆ ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯಬಹುದು. ಸಿಸೇರಿಯನ್ ಆದವರು ಪಾರಾದರು ಎಂದೇನೂ ಅಲ್ಲ. ಹೊರಗಿನ ಗಾಯ ಬೇಗ ಒಣಗುತ್ತದೆ, ಆದರೆ ಹೊಟ್ಟೆಯ ಗೋಡೆಯ ಒಳಪದರಕ್ಕೆ ಆರು ವಾರದಲ್ಲಿ ಬಂದಿರುವುದು ಮೊದಲಿನ ಬಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೊಟ್ಟೆಗೆ ಕಟ್ಟಿದ ಬಟ್ಟೆ ಆಸರೆ ಕೊಡಬಹುದು, ಸ್ನಾಯುವಿಗೆ ಶಕ್ತಿ ತುಂಬಲಾರದು.

ಹೀಗಾಗಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯು ಹೆರಿಗೆಯಾದ ಮೂರು ತಿಂಗಳಿಗೆ ಮೊದಲು ಓಟ ಬೇಡ ಎಂದಿತು. ಮೂರು ತಿಂಗಳಾದ ಮೇಲೂ ಕ್ಯಾಲೆಂಡರ್ ನೋಡಿ ಹೊರಡುವಂತಿಲ್ಲ, ಮೈಯನ್ನು ಕೇಳಬೇಕು. ಕೇಳುವ ಬಗೆ ಸರಳ. ಅರ್ಧ ಗಂಟೆ ಬಿರುಸಾಗಿ ನಡೆಯಲು ಆಗುತ್ತದೆಯೇ? ಒಂದೇ ಕಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲಬಹುದೇ? ನಿಂತಲ್ಲೇ ಒಂದು ನಿಮಿಷ ಜಾಗಿಂಗ್ ಮಾಡಿ, ಒಂದೊಂದು ಕಾಲಿನಲ್ಲೂ ಹತ್ತು ಬಾರಿ ಕುಪ್ಪಳಿಸಿದಾಗ ನೋವು, ಮೂತ್ರ ಸೋರುವುದು, ಕೆಳಗೆ ಏನೋ ಜಗ್ಗಿದಂತೆ ಭಾರವಾಗುವುದು, ಇವುಗಳಲ್ಲಿ ಒಂದಾದರೂ ಇದೆಯೇ? ಇದ್ದರೆ ಇನ್ನೂ ಕಾಯಬೇಕು.

ನಮ್ಮ ಶಿಕ್ಷಕಿ ಸಹಜ ಹೆರಿಗೆಯಾಗಿ ಮನೆಯಲ್ಲಿದ್ದಾಳೆ. ಮೊದಲ ವಾರಗಳಲ್ಲೇ ಮಲಗಿದಲ್ಲಿ ಮೂತ್ರ ತಡೆಹಿಡಿಯುವಂತೆ ಆ ಸ್ನಾಯುಗಳನ್ನು ಮೆಲ್ಲಗೆ ಬಿಗಿದು ಬಿಡುವ ವ್ಯಾಯಾಮ ಶುರುಮಾಡಿದಳು. ನಲ್ವತ್ತು ದಿನದ ಬಳಿಕ ಅಂಗಳದಿಂದ ರಸ್ತೆಗೆ, ದಿನ ದಿನ ಉದ್ದವಾಗುವ ನಡಿಗೆ. ಹದಿಮೂರನೆಯ ವಾರದಲ್ಲಿ ಕುಪ್ಪಳಿಸಿ ನೋಡಿದಳು, ಎರಡು ಹನಿ ಸೋರಿತು. ಓಟವನ್ನು ಮುಂದೂಡಿದಳು, ಫಿಸಿಯೋಥೆರಪಿಸ್ಟರನ್ನು ಕಂಡಳು. ಹದಿನೆಂಟನೆಯ ವಾರದಲ್ಲಿ ಅದೇ ಪರೀಕ್ಷೆ ಸಲೀಸಾಯಿತು. ಆಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು, ದಿನ ಬಿಟ್ಟು ದಿನ. ಓಡುವ ಮುಂಚೆ ಮಗುವಿಗೆ ಹಾಲುಣಿಸುತ್ತಾಳೆ. ಓಟದಿಂದ ಹಾಲು ಕಡಿಮೆಯಾಗುತ್ತದೆ, ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮಾರನೆಯ ದಿನ ಬೆಳಗ್ಗೆ ನೋವು, ಭಾರ, ಸೋರಿಕೆ ಯಾವುದೂ ಇಲ್ಲದಿದ್ದರೆ ಮುಂದಿನ ವಾರ ಓಟದ ನಿಮಿಷ ಹೆಚ್ಚಿಸುತ್ತಾಳೆ. ಇದ್ದರೆ ಒಂದು ಹೆಜ್ಜೆ ಹಿಂದೆ. ಐದು ಕಿಲೋಮೀಟರ್ ನಿಲ್ಲದೆ ಓಡುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿರಬಹುದು. ಇದು ಊಹೆಯ ಕತೆ, ಆದರೆ ಆ ಎರಡು ಹನಿ ಊಹೆಯಲ್ಲ. ನಾಚಿಕೆಯಿಂದ ಅದನ್ನು ಯಾರಿಗೂ ಹೇಳದೆ, ಓಟವನ್ನೇ ಬಿಟ್ಟ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ.

ದೊಡ್ಡ ಕ್ರೀಡಾಪಟುಗಳನ್ನು ತೋರಿಸಿ ‘ಅವರಿಗೆ ಆಗುತ್ತದಲ್ಲ’ ಎನ್ನುವವರಿಗೊಂದು ಮಾತು. ಮಂಗಳೂರಿನ ಸಹನಾ ಕುಮಾರಿ ತಾಯಿಯಾದ ಮೇಲೆಯೇ 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು, ನಿಜ. ಆದರೆ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2007ರ ಜನವರಿಯಲ್ಲಿ ಹೆತ್ತು ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ ಸುದ್ದಿಯಷ್ಟೇ ಎಲ್ಲರಿಗೂ ಗೊತ್ತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತರಬೇತಿಗೆ ಇಳಿದ ಆಕೆಗೆ ಬೆನ್ನಿನ ಕೆಳಮೂಳೆಯಲ್ಲಿ ಬಿರುಕು ಬಿದ್ದು ತಿಂಗಳುಗಳ ಕಾಲ ಓಟ ನಿಂತಿತ್ತು. ಹಾಲುಣಿಸುವ ತಿಂಗಳುಗಳಲ್ಲಿ ತಾಯಿಯ ಮೂಳೆಯ ಸುಣ್ಣದಂಶ ತಾತ್ಕಾಲಿಕವಾಗಿ ಇಳಿಯುತ್ತದೆ. ಒಂದೇ ಜಾಗದಲ್ಲಿ ದಿನವೂ ಹೆಚ್ಚುವ ನೋವನ್ನು ‘ಸ್ನಾಯು ಹಿಡಿದಿದೆ’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು.

ಬಾಣಂತಿಯೂ ವೈದ್ಯರ ಬಳಿ ಓಡಬೇಕಾದ ಸಂದರ್ಭಗಳಿವೆ. ನಿಂತಿದ್ದ ರಕ್ತಸ್ರಾವ ಮತ್ತೆ ಕೆಂಪಾಗಿ ಹೆಚ್ಚಾದರೆ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದ್ದರೆ, ಕಾಲು ಊದಿ ನೋಯುತ್ತಿದ್ದರೆ, ಉಸಿರು ಹಿಡಿದರೆ, ಜ್ವರ ಬಂದರೆ ಅದೇ ದಿನ. ಬಸುರಿನ ರಕ್ತದೊತ್ತಡದ ಅಪಾಯ ಹೆರಿಗೆಯೊಂದಿಗೆ ಮುಗಿಯುವುದಿಲ್ಲ.

ಕೊನೆಗೊಂದು ಬೇಡಿಕೆ, ಇದಕ್ಕೆ ಹೊಸ ಯೋಜನೆ ಬೇಡ, ಹಣವೂ ಬೇಡ. ಮಗುವಿನ ಚುಚ್ಚುಮದ್ದಿಗಾಗಿ ತಾಯಿ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದಲ್ಲಿ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ. ಹದಿನಾಲ್ಕನೆಯ ವಾರ ಎಂದರೆ ಮೂರು ತಿಂಗಳು ದಾಟಿದ ಸಮಯ, ಓಟದ ಪ್ರಶ್ನೆ ಎತ್ತಲು ತಕ್ಕ ಹೊತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವೈದ್ಯರಲ್ಲಿ, ದಾದಿಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ: ಅಂದು ಮಗುವನ್ನು ತೂಗಿ, ಚುಚ್ಚಿ ಮುಗಿಸಿದ ಮೇಲೆ ತಾಯಿಯನ್ನು ಬದಿಗೆ ಕರೆದು ಕೇಳಿ, ‘ಕೆಮ್ಮಿದಾಗ, ಹಾರಿದಾಗ ಮೂತ್ರ ಸೋರುತ್ತದೆಯಾ ಅಮ್ಮಾ?’