ಬಂಗಲೆಗೆ ಬೆಲೆ ಕಟ್ಟುವವರು ಯಾರು?

ಮಾರನಹಳ್ಳಿಯ ಕಡೆಯ ಕಾಫಿ ತೋಟಗಳಲ್ಲಿ ಮ್ಯಾನೇಜರ ಬಂಗಲೆಯೂ ಇದೆ, ರೈಟರ ಮನೆಯೂ ಇದೆ, ಕೂಲಿ ಲೈನೂ ಇದೆ. ಮೂವರಿಗೂ ಬಾಡಿಗೆಯಿಲ್ಲ. ಆದರೆ ಈ ಮೂರು ಬಿಟ್ಟಿ ಮನೆಗಳ ಬೆಲೆಯನ್ನು ಕಾನೂನು ಹೇಗೆ ಕಟ್ಟುತ್ತದೆ ಎಂಬುದನ್ನು ನಮ್ಮ ಕಾರ್ಮಿಕ ಬಂಧುಗಳೂ ಸಣ್ಣ ವ್ಯಾಪಾರಿಗಳೂ ತಿಳಿದಿರಬೇಕು.

ಕಂಪನಿ ತನ್ನ ನೌಕರನಿಗೆ ಕೊಟ್ಟ ಮನೆ ಹಣವಲ್ಲದಿದ್ದರೂ ಸಂಬಳದ ಭಾಗವೇ. ಅದರ ಬೆಲೆ ಆತನ ಆದಾಯಕ್ಕೆ ಸೇರುತ್ತದೆ. ಸ್ವಾರಸ್ಯವೆಂದರೆ, ಆ ಬೆಲೆಯನ್ನು ಅಳೆಯುವುದು ಮನೆಯಿಂದಲ್ಲ, ಸಂಬಳದಿಂದ. ಮನೆ ಕಂಪನಿಯದೇ ಆಗಿದ್ದರೆ 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಲೆಕ್ಕದ ಪ್ರಕಾರ, 40 ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರದಲ್ಲಿ ಸಂಬಳದ ನೂರಕ್ಕೆ 10. 15 ಲಕ್ಷದಿಂದ 40 ಲಕ್ಷದವರೆಗೆ ನೂರಕ್ಕೆ ಏಳೂವರೆ. ಉಳಿದ ಊರುಗಳಲ್ಲಿ ನೂರಕ್ಕೆ 5. ನಮ್ಮ ಮಲೆನಾಡು ಈ ಕೊನೆಯ ಸಾಲಿಗೆ ಸೇರಿದ್ದು.

ಒಂದು ಲೆಕ್ಕ ನೋಡೋಣ. ಮ್ಯಾನೇಜರ ಸಂಬಳ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 7,20,000, ಬಂಗಲೆಯ ಬೆಲೆ ಅದರ ನೂರಕ್ಕೆ 5, ಅಂದರೆ 36,000. ಒಳಗೆ ಕಂಪನಿಯ 3 ಲಕ್ಷ ರೂಪಾಯಿನ ಕುರ್ಚಿ ಮೇಜು ಮಂಚಗಳಿದ್ದರೆ ಅವುಗಳ ಕ್ರಯದ ನೂರಕ್ಕೆ 10ರಂತೆ ಇನ್ನೂ 30,000. ಒಟ್ಟು 66,000. ಇದು ತೆರಿಗೆಯಲ್ಲ, ಆದಾಯಕ್ಕೆ ಸೇರಿಸುವ ಮೊತ್ತ. ಹಲವರು ಇಲ್ಲಿಯೇ ತಪ್ಪುತ್ತಾರೆ. ಅದೇ ಬಂಗಲೆಗೆ 20,000 ಸಂಬಳದ ರೈಟರು ಬಂದು ಕೂತರೆ, ಪೀಠೋಪಕರಣ ಬಿಟ್ಟು, ಬೆಲೆ 12,000ಕ್ಕೆ ಇಳಿಯುತ್ತದೆ. ಗೋಡೆ ಅದೇ, ಹೆಂಚು ಅದೇ!

ಪೇಟೆಯಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ವ್ಯಾಪಾರಿಗಳು ಇನ್ನೊಂದನ್ನು ಗಮನಿಸಬೇಕು. ಕಂಪನಿಯೇ ಬಾಡಿಗೆಗೆ ಹಿಡಿದ ಮನೆಯಾದರೆ, ಕೊಟ್ಟ ಬಾಡಿಗೆ ಮತ್ತು ಸಂಬಳದ ನೂರಕ್ಕೆ 10, ಇವೆರಡರಲ್ಲಿ ಕಡಿಮೆಯಾದದ್ದೇ ಬೆಲೆ. ಈಗ ಕಂಪನಿ ಸಂಬಳವನ್ನು 45,000ಕ್ಕೆ ಇಳಿಸಿ, ಉಳಿದ 15,000ವನ್ನು ಸಕಲೇಶಪುರದ ಮನೆಯ ಬಾಡಿಗೆಯಾಗಿ ಕಟ್ಟಿತೆನ್ನಿ. ಕಂಪನಿಯ ಖರ್ಚು ಮೊದಲಿನಷ್ಟೇ. ಲೆಕ್ಕಕ್ಕೆ ಬರುವುದು ಮಾತ್ರ 45,000ಕ್ಕೆ 4,500 ಸೇರಿ 49,500. ತಿಂಗಳಿಗೆ 10,500 ರೂಪಾಯಿ ಕಾನೂನುಬದ್ಧವಾಗಿಯೇ ಕಣ್ಮರೆ!

ಮನೆಮನೆಗೂ ಬಾಡಿಗೆ ಅಂದಾಜು ಮಾಡಿದರೆ ತಕರಾರು ಮುಗಿಯುವುದಿಲ್ಲ, ಆದುದರಿಂದ ನೂರಕ್ಕಿಷ್ಟೆಂಬ ಗೆರೆ ಎಳೆದರು. ಈ ಮಾತಿನಲ್ಲಿ ಹುರುಳಿದೆ. ಕಾಡಿನ ನಡುವಿನ ಬಂಗಲೆಗೆ ಬಾಡಿಗೆ ಗೊತ್ತುಮಾಡುವುದು ಕಷ್ಟ. ಆದರೆ ರಸೀದಿಯೇ ಕೈಯಲ್ಲಿರುವ ಬಾಡಿಗೆ ಮನೆಗೆ ಈ ನೆಪ ಸಲ್ಲದು. ಅಲ್ಲಿ ಕೊಟ್ಟ ಬಾಡಿಗೆಯನ್ನೇ ಹಿಡಿಯಬೇಕು.

ಇನ್ನು ಕೂಲಿ ಲೈನು. ಲೈನಿನ ಮನೆ ಕೆಲಸಗಾರನಿಗೆ ಮಾಲೀಕರು ತೋರಿದ ಕೃಪೆಯಲ್ಲ. 1951ರ ತೋಟ ಕಾರ್ಮಿಕ ಕಾಯಿದೆ ಅದನ್ನು ಅವರ ಹೊಣೆಯಾಗಿ ಮಾಡಿತು. 1948ರ ಕನಿಷ್ಠ ವೇತನ ಕಾಯಿದೆ ಮನೆಯ ಬೆಲೆಯನ್ನು ಕೂಲಿಯ ಲೆಕ್ಕದಿಂದ ಹೊರಗಿಟ್ಟಿತು. 2019ರ ವೇತನ ಸಂಹಿತೆಯೂ ವೇತನದ ಅರ್ಥವನ್ನು ಹೇಳುವಾಗ ಅದನ್ನು ಹೊರಗಿಡುವ ಬಾಬುಗಳಲ್ಲಿ ಸೇರಿಸಿದೆ. ಆದರೂ ಕೂಲಿ ಹೆಚ್ಚಿಸಿರೆಂದಾಗ, “ಮನೆ ಕೊಟ್ಟಿಲ್ಲವೆ?” ಎಂಬ ಉತ್ತರ ಬರುತ್ತದೆ. ಬಂಗಲೆಯ ಬೆಲೆಯನ್ನು ಇಳಿಸಿ ಬರೆಯುವ ಲೇಖನಿ ಲೈನಿನ ಬೆಲೆಯನ್ನು ಏರಿಸಿ ಹೇಳುವುದು ಯಾವ ನ್ಯಾಯ?